ನಿರ್ಣಯ ನಿಯಮ (ಪ್ರಾಕ್ಕಲ್ಪನಾ ಪರೀಕ್ಷೆ)

ನಿರ್ಣಯ ನಿಯಮ ಎಂದರೆ ಮಾದರಿಯಿಂದ ಲೆಕ್ಕಹಾಕಿದ ಒಂದು ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿಟ್ಟ ಇನ್ನೊಂದು ಸಂಖ್ಯೆಯೊಡನೆ ಹೋಲಿಸಿ, ಶೂನ್ಯ ಪ್ರಾಕ್ಕಲ್ಪನೆಯನ್ನು ತಳ್ಳಿಹಾಕಬೇಕೇ ಬೇಡವೇ ಎಂದು ಹೇಳುವ ಸಂಖ್ಯಾಶಾಸ್ತ್ರದ ಕಟ್ಟಳೆ. ಮೊದಲ ಸಂಖ್ಯೆಯನ್ನು ಪರೀಕ್ಷಾಂಕ ಎಂದೂ ಎರಡನೆಯದನ್ನು ನಿರ್ಣಾಯಕ ಮೌಲ್ಯ ಎಂದೂ ಕರೆಯುತ್ತಾರೆ. ಪರೀಕ್ಷಾಂಕವನ್ನು T ಎಂದು, ನಿರ್ಣಾಯಕ ಮೌಲ್ಯವನ್ನು c ಎಂದು ಬರೆದರೆ ಇಡೀ ನಿಯಮ ಒಂದು ಅಸಮತೆಯಲ್ಲಿ ಅಡಗುತ್ತದೆ: T > c ಆದರೆ ತಳ್ಳಿಹಾಕು, ಇಲ್ಲವಾದರೆ ತಳ್ಳಿಹಾಕಬೇಡ. ಕಾರವಾರ ತಾಲ್ಲೂಕಿನ ಕೈಗಾದಂಥ ಅಣು ವಿದ್ಯುತ್ ಸ್ಥಾವರಗಳ ಸುತ್ತ ನೀರು, ಗಾಳಿ, ಮೀನು, ಹಾಲುಗಳಲ್ಲಿ ವಿಕಿರಣವನ್ನು ಎಣಿಸುವ ಕೆಲಸ ಈ ಅಸಮತೆಯ ಮೇಲೆಯೇ ನಿಂತಿದೆ. ನಿಯಮದ ಪ್ರತಿ ಭಾಗವೂ ಅಲ್ಲಿ ಬಿಡಿಬಿಡಿಯಾಗಿ ಕಾಣಸಿಗುವುದರಿಂದ ಈ ಲೇಖನ ಆ ಬಳಕೆಯನ್ನು ಮುಂದಿಟ್ಟುಕೊಂಡಿದೆ.

ಮೂಲ

ಕಂಡ ಅಂಕಿ ಬರೀ ಆಕಸ್ಮಿಕವೇ ಎಂದು ಕೇಳುವ ಅಭ್ಯಾಸ ಹದಿನೆಂಟನೆಯ ಶತಮಾನದಷ್ಟು ಹಳೆಯದು. ಅದಕ್ಕೆ ಕೋಷ್ಟಕದ ರೂಪ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಾರ್ಲ್ ಪಿಯರ್‌ಸನ್ 1900ರಲ್ಲಿ ಕೈ-ವರ್ಗ ಪರೀಕ್ಷೆಯನ್ನು ಕೊಟ್ಟರು. ಆರ್. ಎ. ಫಿಷರ್ 1925ರ ತಮ್ಮ ಕೈಪಿಡಿಯಲ್ಲಿ ನೂರಕ್ಕೆ ಐದರ ಮಟ್ಟವನ್ನು ಬಳಕೆಗೆ ತಂದರು. ಆದರೆ ಪರೀಕ್ಷೆಯನ್ನು ಎರಡು ದಾರಿಗಳಲ್ಲಿ ಒಂದನ್ನು ಆರಿಸುವ ನಿಯಮವಾಗಿ ಕಂಡವರು ಜೆರ್ಜಿ ನೇಮನ್ ಮತ್ತು ಇಗಾನ್ ಪಿಯರ್‌ಸನ್. 1933ರಲ್ಲಿ ಅವರು ತೋರಿಸಿದ್ದು ಇದು: ಎರಡು ನಿಶ್ಚಿತ ಪ್ರಾಕ್ಕಲ್ಪನೆಗಳ ನಡುವೆ ಆರಿಸುವಾಗ, ಪರ್ಯಾಯದಡಿ ಮಾದರಿಯ ಸಂಭಾವ್ಯತೆಯನ್ನು ಶೂನ್ಯದಡಿಯ ಸಂಭಾವ್ಯತೆಯಿಂದ ಭಾಗಿಸಿದ ಅನುಪಾತ ಒಂದು ಗೊತ್ತಾದ ಸಂಖ್ಯೆಯನ್ನು ಮೀರಿದಾಗ ತಳ್ಳಿಹಾಕುವ ನಿಯಮಕ್ಕಿಂತ ಹೆಚ್ಚು ಸಾಮರ್ಥ್ಯದ ನಿಯಮ ಅದೇ ಮಟ್ಟದಲ್ಲಿ ಇನ್ನೊಂದಿಲ್ಲ. ವಿಕಿರಣದ ಎಣಿಕೆಯಲ್ಲಿ ಈ ಅನುಪಾತ ಎಣಿಕೆ ಏರಿದಂತೆ ಏರುತ್ತದೆ. ಆದ್ದರಿಂದ ಅನುಪಾತದ ಅಸಮತೆ ಎಣಿಕೆಯ ಅಸಮತೆಯಾಗಿ ಇಳಿಯುತ್ತದೆ. ‘ಎಣಿಕೆ ಇಷ್ಟನ್ನು ಮೀರಿದರೆ’ ಎಂಬ ಸರಳ ರೂಪಕ್ಕೆ ಗಣಿತದ ಆಧಾರ ಸಿಕ್ಕಿದ್ದು ಹೀಗೆ.

ಈ ಶಾಸ್ತ್ರದಲ್ಲಿ ಕರ್ನಾಟಕದ ನಂಟು ಸಿ. ಆರ್. ರಾವ್ ಅವರದು. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ರಾವ್ 1948ರಲ್ಲಿ ಸ್ಕೋರ್ ಪರೀಕ್ಷೆಯನ್ನು ಮಂಡಿಸಿದರು. ನಿರ್ಣಯವನ್ನೇ ಒಂದು ಫಲನವಾಗಿ ಕಂಡು ಸಿದ್ಧಾಂತ ಕಟ್ಟಿದ ಅಬ್ರಹಾಂ ವಾಲ್ಡ್ ಭಾರತದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದಾಗ 1950ರ ಡಿಸೆಂಬರ್‌ನಲ್ಲಿ ನೀಲಗಿರಿಯ ವಿಮಾನ ಅಪಘಾತದಲ್ಲಿ ತೀರಿಕೊಂಡರು. ವಿಕಿರಣ ಎಣಿಕೆಗೆ ನಿಯಮವನ್ನು ಒಗ್ಗಿಸಿದವರು ಅಮೆರಿಕದ ಲಾಯ್ಡ್ ಕ್ಯೂರಿ. ಅವರ 1968ರ ಪ್ರಬಂಧದ ಸೂತ್ರಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿವೆ. ರೇಡಿಯಂ ಕಂಡುಹಿಡಿದ ಕ್ಯೂರಿ ದಂಪತಿಗೂ ಇವರಿಗೂ ಹೆಸರಿನ ಹೋಲಿಕೆಯಷ್ಟೇ. ರೋಮನ್ ಲಿಪಿಯಲ್ಲಿ ಆ ಹೋಲಿಕೆಯೂ ಪೂರ್ತಿ ಇಲ್ಲ.

ರಚನೆ

ನಿಯಮಕ್ಕೆ ನಾಲ್ಕು ಅಂಗಗಳಿವೆ. ಮೊದಲನೆಯದು ಶೂನ್ಯ ಪ್ರಾಕ್ಕಲ್ಪನೆ, H₀. ‘ಈ ನೀರಿನಲ್ಲಿ ಹಿನ್ನೆಲೆಗಿಂತ ಹೆಚ್ಚಿನ ವಿಕಿರಣ ಇಲ್ಲ’ ಎಂಬ ಮಾತು ಇದಕ್ಕೆ ಉದಾಹರಣೆ. ಎರಡನೆಯದು ಪರ್ಯಾಯ ಪ್ರಾಕ್ಕಲ್ಪನೆ, H₁: ‘ಹೆಚ್ಚಿದೆ’. ಮೂರನೆಯದು ಪರೀಕ್ಷಾಂಕ. ಅದು ಮಾದರಿಯಿಂದ ಮಾತ್ರ ಹುಟ್ಟುವುದರಿಂದ ಅಳತೆ ಮುಗಿಯುವವರೆಗೂ ಎಷ್ಟೆಂದು ಗೊತ್ತಿರುವುದಿಲ್ಲ. ನಾಲ್ಕನೆಯದು ಸಾರ್ಥಕತೆಯ ಮಟ್ಟ, α. H₀ ನಿಜವಾಗಿದ್ದರೂ ಅದನ್ನು ತಳ್ಳಿಹಾಕಿಬಿಡುವ ಸಂಭವನೀಯತೆ ಎಷ್ಟರವರೆಗೆ ಇರಬಹುದು ಎಂದು ಅಳೆಯುವವರು ಒಪ್ಪಿಕೊಳ್ಳುವ ಮಿತಿ ಇದು.

ನಿರ್ಣಾಯಕ ಮೌಲ್ಯ ಈ ನಾಲ್ಕರಿಂದ ಹುಟ್ಟುತ್ತದೆ. H₀ ನಿಜವೆಂದುಕೊಂಡಾಗ T ಯಾವ ಯಾವ ಬೆಲೆ ತಾಳಬಹುದು ಎಂಬ ವಿತರಣೆಯನ್ನು ಬರೆದುಕೊಂಡು, ಅದರ ಬಲತುದಿಯಲ್ಲಿ α ಯಷ್ಟು ಭಾಗ ಉಳಿಯುವಂತೆ ಗೆರೆ ಎಳೆದರೆ ಆ ಗೆರೆಯೇ c. ಪ್ರಸಾಮಾನ್ಯ ವಿತರಣೆಯಲ್ಲಿ α = 0.05 ಆದರೆ ಗೆರೆ 1.645ರಲ್ಲಿ ಬೀಳುತ್ತದೆ, α = 0.01 ಆದರೆ 2.326ರಲ್ಲಿ. ಗೆರೆಯಾಚೆಗಿನ ಬೆಲೆಗಳ ಗಣವನ್ನು ನಿರ್ಣಾಯಕ ಪ್ರದೇಶ ಎನ್ನುತ್ತಾರೆ.

H₀ ನಿಜವಿದ್ದಾಗ ತಳ್ಳಿಹಾಕುವುದು ಮೊದಲ ಬಗೆಯ ದೋಷ. ಕಾವಲಿನ ಮಾತಿನಲ್ಲಿ ಸುಳ್ಳು ಎಚ್ಚರಿಕೆ. H₀ ಸುಳ್ಳಿದ್ದಾಗ ತಳ್ಳಿಹಾಕದೆ ಬಿಡುವುದು ಎರಡನೆಯ ಬಗೆಯ ದೋಷ. ಅಂದರೆ ಇದ್ದದ್ದು ಕಣ್ಣು ತಪ್ಪಿದ್ದು. c ಯನ್ನು ಬಲಕ್ಕೆ ಸರಿಸಿದರೆ ಮೊದಲನೆಯದು ಇಳಿದು ಎರಡನೆಯದು ಏರುತ್ತದೆ. ಎರಡನ್ನೂ ಒಟ್ಟಿಗೆ ಇಳಿಸಬೇಕಾದರೆ ಹೆಚ್ಚು ಹೊತ್ತು ಎಣಿಸಬೇಕು, ಹೆಚ್ಚು ಮಾದರಿ ತೆಗೆದುಕೊಳ್ಳಬೇಕು ಅಥವಾ ಅಳೆಯುವ ವಿಧಾನವನ್ನೇ ಸುಧಾರಿಸಬೇಕು. ಗೆರೆಯನ್ನು ಸರಿಸುವುದರಿಂದ ಅದು ಆಗದು.

ಅಸಮತೆಯಾಗಿ ನಿಯಮ

T > c ಎಂಬುದು ಸಾಮಾನ್ಯ ಬೀಜಗಣಿತದ ಅಸಮತೆ. ಶಾಲೆಯಲ್ಲಿ ಕಲಿತ ನಿಯಮಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ. ಎರಡೂ ಕಡೆ ಒಂದೇ ಸಂಖ್ಯೆ ಕೂಡಿಸಿದರೆ ಅಥವಾ ಧನ ಸಂಖ್ಯೆಯಿಂದ ಗುಣಿಸಿದರೆ ಚಿಹ್ನೆ ಬದಲಾಗದು. ಋಣ ಸಂಖ್ಯೆಯಿಂದ ಗುಣಿಸಿದರೆ ಚಿಹ್ನೆ ತಿರುಗುತ್ತದೆ. ಮಾದರಿಯಿಂದ ಹಿನ್ನೆಲೆಯನ್ನು ಕಳೆಯುವ ಬದಲು ಹಿನ್ನೆಲೆಯಿಂದ ಮಾದರಿಯನ್ನು ಕಳೆದ ಹಾಳೆಯಲ್ಲಿ ಅದೇ ನಿಯಮ T < −c ಎಂದಾಗಬೇಕು. ಕಳೆಯುವ ಕ್ರಮ ಬದಲಾಯಿಸಿ ಚಿಹ್ನೆಯನ್ನು ಹಾಗೆಯೇ ಬಿಟ್ಟರೆ ನಿಯಮ ತಲೆಕೆಳಗಾಗಿ, ವಿಕಿರಣ ಕಡಿಮೆ ಇದ್ದ ಮಾದರಿಗಳನ್ನೇ ಎತ್ತಿ ತೋರಿಸುತ್ತದೆ.

ಅಸಮತೆಯನ್ನು ಬಿಡಿಸಿ ಬರೆಯುವುದರಿಂದ ಒಂದು ಪ್ರಯೋಜನವೂ ಇದೆ. ಮಾದರಿಯ ಎಣಿಕೆ N, ಹಿನ್ನೆಲೆಯ ಎಣಿಕೆ B, ಅವುಗಳ ವ್ಯತ್ಯಾಸದ ಮಾನಕ ವಿಚಲನೆ σ ಎಂದಿರಲಿ. (N − B)/σ > 1.645 ಎಂಬುದನ್ನು N > B + 1.645σ ಎಂದು ಬರೆದರೆ, ಯಂತ್ರದ ಪರದೆಯ ಮೇಲೆ ಬರುವ ಎಣಿಕೆ N ಎಷ್ಟನ್ನು ದಾಟಬೇಕು ಎಂಬುದು ನೇರವಾಗಿ ಸಿಗುತ್ತದೆ. ಎರಡೂ ಒಂದೇ ನಿಯಮ. ಒಂದು ಕೋಷ್ಟಕದ ಭಾಷೆಯಲ್ಲಿದೆ, ಇನ್ನೊಂದು ಪ್ರಯೋಗಾಲಯದ ಭಾಷೆಯಲ್ಲಿ.

ಚಿಹ್ನೆ > ಆಗಿರಬೇಕೋ ≥ ಆಗಿರಬೇಕೋ ಎಂಬ ಪ್ರಶ್ನೆ ಅಖಂಡ ಅಳತೆಗಳಲ್ಲಿ ಲೆಕ್ಕಕ್ಕೆ ಬಾರದು, ಏಕೆಂದರೆ T ಸರಿಯಾಗಿ c ಗೆ ಸಮನಾಗುವ ಸಂಭವನೀಯತೆ ಅಲ್ಲಿ ಸೊನ್ನೆ. ಎಣಿಕೆಯಲ್ಲಿ ಹಾಗಲ್ಲ. ಹಿನ್ನೆಲೆಯ ಸರಾಸರಿ 4 ಎಂದು ಖಚಿತವಾಗಿ ಗೊತ್ತಿರುವ ಪಾಯ್ಸಾನ್ ಎಣಿಕೆಯನ್ನು ನೋಡಿದರೆ, 8 ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವನೀಯತೆ 0.051. 8ನ್ನು ಮೀರುವ, ಅಂದರೆ 9 ಅಥವಾ ಹೆಚ್ಚು ಬರುವ ಸಂಭವನೀಯತೆ 0.021. ಚಿಹ್ನೆಯ ಕೆಳಗಿನ ಒಂದು ಸಣ್ಣ ಗೆರೆಯಿಂದ ಸುಳ್ಳು ಎಚ್ಚರಿಕೆಯ ಪ್ರಮಾಣ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಎಣಿಕೆಯಲ್ಲಿ ಸರಿಯಾಗಿ 0.05 ಸಿಗುವುದೇ ಇಲ್ಲ. ಮಿತಿಯನ್ನು ದಾಟಬಾರದು ಎಂದಾದರೆ N > 8 ಎಂದೇ ಬರೆಯಬೇಕು.

ಬಗೆಗಳು

ಪರ್ಯಾಯ ಪ್ರಾಕ್ಕಲ್ಪನೆ ಯಾವ ಕಡೆಗಿದೆ ಎಂಬುದರ ಮೇಲೆ ಅಸಮತೆಯ ದಿಕ್ಕು ನಿಂತಿದೆ. ಹೆಚ್ಚಳವನ್ನು ಹುಡುಕುವಾಗ T > c, ಇಳಿಕೆಯನ್ನು ಹುಡುಕುವಾಗ T < −c. ಮಳೆಗಾಲದಲ್ಲಿ ಕಾಳಿ ಅಳಿವೆಯ ನೀರಿನ ಉಪ್ಪಿನಂಶ ಬೇಸಿಗೆಗಿಂತ ತಗ್ಗಿದೆಯೇ ಎಂಬ ಪ್ರಶ್ನೆ ಎರಡನೆಯ ಬಗೆಯದು. ಯಾವ ಕಡೆಯ ವ್ಯತ್ಯಾಸವಾದರೂ ಸರಿ ಎಂದಾದರೆ |T| > c. ಆಗ α ಎರಡು ತುದಿಗಳಿಗೆ ಹಂಚಿಹೋಗಿ ಶೇ. 5ರ ಮಟ್ಟದಲ್ಲಿ ಗೆರೆ 1.645ರಿಂದ 1.96ಕ್ಕೆ ಸರಿಯುತ್ತದೆ.

ಅಂಕೋಲೆ ಈ ಕೊನೆಯ ಬಗೆಗೆ ಒಳ್ಳೆಯ ನಿದರ್ಶನ. ಕೈಗಾದ ದ್ರವ ವಿಸರ್ಜನೆ ಹೋಗುವುದು ಕಾಳಿ ನದಿಯ ಕದ್ರಾ ಜಲಾಶಯಕ್ಕೆ, ಅಲ್ಲಿಂದ ಕಾರವಾರದ ಬಳಿ ಕಡಲಿಗೆ. ಅಂಕೋಲೆ ತಾಲ್ಲೂಕಿನಲ್ಲಿ ಕಡಲು ಸೇರುವ ಗಂಗಾವಳಿಯದು ಬೇರೆಯೇ ಕಣಿವೆ. ಆದ್ದರಿಂದ ನೀರಿನ ದಾರಿಯ ಮಟ್ಟಿಗೆ ಗಂಗಾವಳಿ ಹೋಲಿಕೆಯ ನದಿಯಾಗಬಲ್ಲದು. ಗಾಳಿಯ ದಾರಿಯ ಮಟ್ಟಿಗೆ ಹಾಗೆನ್ನಲು ಬಾರದು. ಎರಡು ನದಿಗಳ ನೀರು ಬೇರೆಯೇ ಎಂದು ಮಾತ್ರ ಕೇಳಿದರೆ |T| > 1.96. ಕಾಳಿಯಲ್ಲಿ ಹೆಚ್ಚೇ ಎಂದು ಕೇಳಿದರೆ T > 1.645. ಯಾವ ಪ್ರಶ್ನೆ ಎಂಬುದು ಎಣಿಕೆಗೆ ಮುಂಚೆ ತೀರ್ಮಾನವಾಗಿರಬೇಕು. T = 1.8 ಬಂದ ಮೇಲೆ ಒಂದು ಕಡೆಯ ಪ್ರಶ್ನೆಯನ್ನು ಆರಿಸಿಕೊಂಡರೆ, ಬಾಣ ನೆಟ್ಟ ಜಾಗದಲ್ಲಿ ಗುರಿ ಬರೆದಂತೆ.

p-ಮೌಲ್ಯದ ನಿಯಮ ಹೊಸ ಬಗೆಯೇನಲ್ಲ. H₀ ಅಡಿಯಲ್ಲಿ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ T ಬರುವ ಸಂಭವನೀಯತೆಯೇ p. T ಏರಿದಂತೆ p ಇಳಿಯುವುದರಿಂದ T > c ಎಂಬುದು p < α ಎಂದು ಚಿಹ್ನೆ ತಿರುಗಿ ಬರುತ್ತದೆ. ಹೆಚ್ಚು-ಕಡಿಮೆಯ ಗೊಂದಲ ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ.

ಬಳಕೆ: ನೀರಿನಲ್ಲಿ ಟ್ರಿಟಿಯಂ

ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅವು 2000 ಮತ್ತು 2011ರ ನಡುವೆ ಒಂದೊಂದಾಗಿ ವಾಣಿಜ್ಯ ಉತ್ಪಾದನೆಗೆ ಬಂದವು. ಇವು ಭಾರಜಲ ಬಳಸುವ ರಿಯಾಕ್ಟರ್‌ಗಳು. ಭಾರಜಲದ ಡ್ಯೂಟೀರಿಯಂ ನ್ಯೂಟ್ರಾನ್ ಹೀರಿಕೊಂಡಾಗ ಟ್ರಿಟಿಯಂ ಹುಟ್ಟುತ್ತದೆ. ಅದರ ಅರ್ಧಾಯುಷ್ಯ 12.3 ವರ್ಷ. ಅದು ನೀರಿನ ಅಣುವಿನಲ್ಲೇ ಸೇರಿಕೊಳ್ಳುವುದರಿಂದ ಸೋಸಿ ತೆಗೆಯಲು ಬರುವುದಿಲ್ಲ. ಅದರ ಬೀಟಾ ಕಿರಣ ತೀರ ದುರ್ಬಲವಾದ್ದರಿಂದ ಮಾಮೂಲಿ ಗೈಗರ್ ಕೌಂಟರ್‌ಗೆ ಸಿಗುವುದಿಲ್ಲ. ನೀರನ್ನು ಬಟ್ಟಿ ಇಳಿಸಿ, ಕೆಲವು ಮಿಲಿಲೀಟರನ್ನು ಮಿನುಗುವ ದ್ರವದೊಂದಿಗೆ ಸಣ್ಣ ಶೀಶೆಯಲ್ಲಿ ಬೆರೆಸಿ, ದ್ರವ ಸಿಂಟಿಲೇಶನ್ ಕೌಂಟರಿನಲ್ಲಿಟ್ಟು ಮಿನುಗುಗಳನ್ನು ಎಣಿಸುತ್ತಾರೆ.

ಶೀಶೆಯಲ್ಲಿ ಟ್ರಿಟಿಯಂ ಇಲ್ಲದಿದ್ದರೂ ಎಣಿಕೆ ಸೊನ್ನೆಯಾಗುವುದಿಲ್ಲ. ಕಾಸ್ಮಿಕ್ ಕಿರಣ, ಗಾಜಿನಲ್ಲಿನ ಪೊಟ್ಯಾಸಿಯಂ, ಯಂತ್ರದ ಸ್ವಂತ ಗದ್ದಲ ಎಲ್ಲವೂ ಸೇರಿ ಹಿನ್ನೆಲೆ ಎಣಿಕೆ ಕೊಡುತ್ತವೆ. ಅದಕ್ಕಾಗಿ ಟ್ರಿಟಿಯಂ ಇಲ್ಲದ ನೀರಿನ ಒಂದು ಶೀಶೆಯನ್ನು ಅಷ್ಟೇ ಹೊತ್ತು ಎಣಿಸುತ್ತಾರೆ. ಬಹುಕಾಲ ನೆಲದಾಳದಲ್ಲಿ ಉಳಿದು ಟ್ರಿಟಿಯಂ ಕ್ಷಯಿಸಿಹೋದ ಅಂತರ್ಜಲ ಇದಕ್ಕೆ ಒದಗುತ್ತದೆ.

ಮುಂದಿನ ಸಂಖ್ಯೆಗಳು ನಿಯಮವನ್ನು ತೋರಿಸಲು ಇಟ್ಟುಕೊಂಡವು, ಕೈಗಾದ ಅಳತೆಗಳಲ್ಲ. ಹಿನ್ನೆಲೆಯ ಶೀಶೆಯಲ್ಲಿ 100 ನಿಮಿಷದಲ್ಲಿ B = 400 ಎಣಿಕೆ ಬಂದಿದೆ ಎಂದುಕೊಳ್ಳೋಣ. ಪಾಯ್ಸಾನ್ ಎಣಿಕೆಯಲ್ಲಿ ವಿಚಲನಾಂಶ ಸರಾಸರಿಗೆ ಸಮ. ಮಾದರಿಯಲ್ಲಿ ಏನೂ ಇಲ್ಲವೆಂದರೆ ಅದರ ಎಣಿಕೆ N ಕೂಡ 400ರ ಆಸುಪಾಸಿನಲ್ಲೇ ಓಲಾಡಬೇಕು. ಎರಡು ಎಣಿಕೆಗಳ ವ್ಯತ್ಯಾಸದ ವಿಚಲನಾಂಶ 400 + 400 = 800, ಮಾನಕ ವಿಚಲನೆ 28.3. ಇದನ್ನು 1.645ರಿಂದ ಗುಣಿಸಿದರೆ 46.5. ನಿಯಮ ಹೀಗಾಗುತ್ತದೆ:

N − 400 > 46.5

ಎಣಿಕೆ ಪೂರ್ಣಾಂಕವಾದ್ದರಿಂದ 446 ಬಂದರೆ ತಳ್ಳಿಹಾಕುವುದಿಲ್ಲ, 447 ಬಂದರೆ ತಳ್ಳಿಹಾಕುತ್ತಾರೆ. ಒಂದು ಶೀಶೆ 441 ತೋರಿಸಿತೆನ್ನೋಣ. ನಿವ್ವಳ 41, ಗೆರೆಯ ಈಚೆ. 400ಕ್ಕಿಂತ 41 ಹೆಚ್ಚು ಎಂಬುದು ಕಣ್ಣಿಗೆ ಕಂಡರೂ ಆಕಸ್ಮಿಕವಾಗಿ ಅಷ್ಟು ಅಥವಾ ಅದಕ್ಕೂ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ ಏಳರಷ್ಟಿದೆ. ಇನ್ನೊಂದು ಶೀಶೆ 463 ತೋರಿಸಿತು. ನಿವ್ವಳ 63, ಗೆರೆಯಾಚೆ. ಇಲ್ಲಿ ಆ ಸಾಧ್ಯತೆ ನೂರಕ್ಕೆ 1.3. ಈ ನೀರಿನಲ್ಲಿ ಟ್ರಿಟಿಯಂ ಇದೆ ಎಂದು ನಿಯಮ ಹೇಳುತ್ತದೆ.

ಎಷ್ಟಿದೆ ಎಂಬುದು ಬೇರೆ ಲೆಕ್ಕ. ಯಂತ್ರದ ದಕ್ಷತೆ ಶೇ. 25, ಶೀಶೆಯಲ್ಲಿನ ನೀರು 8 ಮಿಲಿಲೀಟರ್, ಸಮಯ 6000 ಸೆಕೆಂಡ್. ಮೂರನ್ನೂ ಗುಣಿಸಿದರೆ ಲೀಟರಿಗೆ ಒಂದು ಬೆಕೆರೆಲ್ ಟ್ರಿಟಿಯಂ ಇದ್ದಾಗ 12 ಎಣಿಕೆ ಬರಬೇಕು ಎಂದಾಗುತ್ತದೆ. ಹಾಗಾಗಿ 63 ಎಣಿಕೆ ಎಂದರೆ ಲೀಟರಿಗೆ 5.25 ಬೆಕೆರೆಲ್. ನಿರ್ಣಾಯಕ ಮೌಲ್ಯ 46.5 ಎಂದರೆ 3.9 ಬೆಕೆರೆಲ್. ಕುಡಿಯುವ ನೀರಿನ ಟ್ರಿಟಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಟ್ಟ ಲೀಟರಿಗೆ 10,000 ಬೆಕೆರೆಲ್. ಅಸಮತೆ ನಿಜವಾಯಿತು ಎಂದರೆ ಇರುವುದು ಪತ್ತೆಯಾಯಿತು ಎಂದಷ್ಟೇ ಅರ್ಥ. ಅಪಾಯದ ಮಾತು ಇನ್ನೊಂದು ಅಸಮತೆಗೆ ಸೇರಿದ್ದು, ಅದರ ಬಲಗಡೆಯ ಸಂಖ್ಯೆಯೇ ಬೇರೆ. ಪತ್ರಿಕೆಯ ಸುದ್ದಿಗಳಲ್ಲಿ ಈ ಎರಡು ಗೆರೆಗಳು ಒಂದಾಗಿಬಿಡುವುದುಂಟು.

ಎಣಿಕೆಯ ಸಮಯವನ್ನು ನಾಲ್ಕು ಪಟ್ಟು ಮಾಡಿ 400 ನಿಮಿಷಕ್ಕೆ ಏರಿಸಿದರೆ ಹಿನ್ನೆಲೆ 1600 ಆಗುತ್ತದೆ. ಗೆರೆ 93 ಎಣಿಕೆಗೆ ಏರುತ್ತದೆ, ಆದರೆ ಲೀಟರಿಗೆ ಒಂದು ಬೆಕೆರೆಲ್‌ಗೆ ಈಗ 48 ಎಣಿಕೆ. ಹಾಗಾಗಿ ಗೆರೆ 1.9 ಬೆಕೆರೆಲ್‌ಗೆ ಇಳಿಯಿತು. ನಾಲ್ಕು ಪಟ್ಟು ಕಾದರೆ ಗೆರೆ ಅರ್ಧಕ್ಕೆ ಬರುತ್ತದೆ, ಅಷ್ಟೇ.

2009ರ ನವೆಂಬರ್‌ನಲ್ಲಿ ಕೈಗಾ ಸ್ಥಾವರದ ಒಳಗಿನ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರಿಟಿಯಂ ಇದ್ದ ಭಾರಜಲ ಸೇರಿದ್ದು ಬೆಳಕಿಗೆ ಬಂದದ್ದು ಕೆಲಸಗಾರರ ಮಾಮೂಲಿ ಮೂತ್ರ ಪರೀಕ್ಷೆಯಿಂದ. ಅಲ್ಲಿ ಟ್ರಿಟಿಯಂ ಎಂದಿನ ಮಟ್ಟಕ್ಕಿಂತ ಮೇಲೆ ಕಂಡಿತ್ತು. ಕಾವಲಿನ ಎಣಿಕೆಯಲ್ಲಿ H₀ ಎಂದರೆ ‘ಟ್ರಿಟಿಯಂ ಸೊನ್ನೆ’ ಎಂದೇ ಆಗಬೇಕಿಲ್ಲ ಎಂಬುದು ಇಂಥ ಕಡೆ ತಿಳಿಯುತ್ತದೆ. ಭಾರಜಲದ ಸ್ಥಾವರದಲ್ಲಿ ಕೆಲಸ ಮಾಡುವವರ ಮೈಯಲ್ಲಿ ಒಂದಿಷ್ಟು ಟ್ರಿಟಿಯಂ ಇರುವುದು ಸಹಜ. ಅಲ್ಲಿ ಕೇಳುವ ಪ್ರಶ್ನೆ ಎಂದಿನದಕ್ಕಿಂತ ಹೆಚ್ಚೇ ಎಂಬುದು. ಹೊರಗಿನ ಪರಿಸರಕ್ಕೂ ಇದೇ ಮಾತು. ಮಳೆನೀರಿನಲ್ಲಿ ನೈಸರ್ಗಿಕವಾಗಿಯೇ ಸ್ವಲ್ಪ ಟ್ರಿಟಿಯಂ ಇರುತ್ತದೆ.

ನಿರ್ಣಾಯಕ ಮಟ್ಟ ಮತ್ತು ಪತ್ತೆ ಮಿತಿ

ನಿಯಮದ ಬಳಕೆಯಲ್ಲಿ ಅತಿ ಹೆಚ್ಚು ಆಗುವ ತಪ್ಪು c ಯನ್ನು ‘ಯಂತ್ರ ಹಿಡಿಯಬಲ್ಲ ಕನಿಷ್ಠ ಪ್ರಮಾಣ’ ಎಂದು ಓದುವುದು. ನೀರಿನಲ್ಲಿ ನಿಜವಾಗಿ ಲೀಟರಿಗೆ 3.9 ಬೆಕೆರೆಲ್ ಇದೆ ಎನ್ನೋಣ. ಆಗ ನಿವ್ವಳ ಎಣಿಕೆಯ ಸರಾಸರಿಯೇ 46.5. ಓಲಾಟದಿಂದ ಅರ್ಧ ಸಲ ಅದು ಗೆರೆಯ ಮೇಲೆ, ಅರ್ಧ ಸಲ ಕೆಳಗೆ. ಎಂದರೆ ಇಂಥ ಎರಡು ಶೀಶೆಗಳಲ್ಲಿ ಒಂದು ಕಣ್ಣು ತಪ್ಪುತ್ತದೆ.

ಇಂಥ ತಪ್ಪುವಿಕೆಯನ್ನೂ ನೂರಕ್ಕೆ ಐದಕ್ಕೆ ಇಳಿಸಬೇಕಾದರೆ ನಿಜವಾದ ಪ್ರಮಾಣ ಗೆರೆಗಿಂತ ಸಾಕಷ್ಟು ಮೇಲಿರಬೇಕು. ಆ ಪ್ರಮಾಣವನ್ನು ಲಾಯ್ಡ್ ಕ್ಯೂರಿ ಪತ್ತೆ ಮಿತಿ ಎಂದು ಬೇರೆಯಾಗಿ ಹೆಸರಿಸಿದರು. ಹಿನ್ನೆಲೆಯನ್ನು ಮಾದರಿಯಷ್ಟೇ ಹೊತ್ತು ಎಣಿಸಿದಾಗ ಅವರ ಎರಡು ಸೂತ್ರಗಳು ಇವು:

ನಿರ್ಣಾಯಕ ಮಟ್ಟ = 2.33√B
ಪತ್ತೆ ಮಿತಿ = 2.71 + 4.65√B

B = 400 ಆದಾಗ ಮೊದಲನೆಯದು 46.6 (1.645√2 ಎಂಬುದನ್ನು 2.33 ಎಂದು ದುಂಡಾಗಿಸಿದ್ದರಿಂದ ಒಂದು ದಶಾಂಶದ ವ್ಯತ್ಯಾಸ), ಎರಡನೆಯದು 95.7, ಅಂದರೆ ಲೀಟರಿಗೆ ಸುಮಾರು 8 ಬೆಕೆರೆಲ್. ಎರಡರ ಕೆಲಸ ಬೇರೆ ಬೇರೆ. ಶೀಶೆ ಎಣಿಸಿದ ಮೇಲೆ ತೀರ್ಪು ಕೊಡಲು ನಿರ್ಣಾಯಕ ಮಟ್ಟ. ಈ ವಿಧಾನ ಈ ಕೆಲಸಕ್ಕೆ ಸಾಕೇ ಎಂದು ಎಣಿಸುವ ಮೊದಲು ಹೇಳಲು ಪತ್ತೆ ಮಿತಿ. ಎಣಿಸಿ ಬಂದ 63ನ್ನು ಪತ್ತೆ ಮಿತಿ 95.7ಕ್ಕೆ ಹೋಲಿಸಿ ‘ಪತ್ತೆಯಾಗಿಲ್ಲ’ ಎಂದು ಬರೆಯುವುದು ತಪ್ಪು. ಅದು ನಿಯಮದ ಗೆರೆಯನ್ನೇ ಸದ್ದಿಲ್ಲದೆ ಎರಡು ಪಟ್ಟು ಮೇಲಕ್ಕೆತ್ತಿದಂತೆ.

ನಿಯಮ ಎಡವುವ ಕಡೆಗಳು

ಸೂತ್ರದ 1.645 ಬಂದದ್ದು ಪ್ರಸಾಮಾನ್ಯ ವಿತರಣೆಯಿಂದ. ಎಣಿಕೆ ನೂರರ ಮೇಲಿದ್ದಾಗ ಪಾಯ್ಸಾನ್ ವಿತರಣೆ ಅದಕ್ಕೆ ಹತ್ತಿರವಿರುತ್ತದೆ, ಬೆರಳೆಣಿಕೆಯಷ್ಟಿದ್ದಾಗ ಇರುವುದಿಲ್ಲ. ಹಿನ್ನೆಲೆ ತೀರ ಕಡಿಮೆಯಿರುವ ಆಲ್ಫಾ ಎಣಿಕೆಯಲ್ಲಿ ಸರಾಸರಿ ಅರ್ಧ ಎಣಿಕೆ ಬರುತ್ತದೆ ಎಂದುಕೊಳ್ಳೋಣ. ನೂರಕ್ಕೆ ಅರವತ್ತು ಸಲ ಹಿನ್ನೆಲೆ 0 ಎಂದೇ ಬರುತ್ತದೆ. ಆಗ 2.33√0 = 0, ನಿಯಮ N > 0 ಎಂದಾಗುತ್ತದೆ, ಮತ್ತು ಮಾದರಿಯಲ್ಲಿ ಬಂದ ಒಂದೇ ಒಂದು ಎಣಿಕೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಸುಳ್ಳು ಎಚ್ಚರಿಕೆಯ ನಿಜವಾದ ಪ್ರಮಾಣ ನೂರಕ್ಕೆ 24. ಕಾಗದದ ಮೇಲೆ ಮಾತ್ರ ಅದು 5. ಇದನ್ನು ಗುರುತಿಸುವ ದಾರಿ ಸುಲಭ: ಏನೂ ಇಲ್ಲವೆಂದು ಗೊತ್ತಿರುವ ಶೀಶೆಗಳನ್ನೇ ಮಾದರಿಗಳಂತೆ ಎಣಿಸಿ, ಎಷ್ಟು ಗೆರೆ ದಾಟುತ್ತವೆ ಎಂದು ಲೆಕ್ಕವಿಡುವುದು. ನೂರಕ್ಕೆ ಐದರಿಂದ ತೀರ ದೂರ ಹೋದರೆ ಸೂತ್ರ ಬಿಟ್ಟು ಪಾಯ್ಸಾನ್ ಕೋಷ್ಟಕಕ್ಕೆ ಹೋಗಬೇಕು.

ಎರಡನೆಯ ತೊಡಕು ಹಿನ್ನೆಲೆಯದು. ಮಿನುಗುವ ದ್ರವವನ್ನು ಬೆರೆಸಿದ ಕೂಡಲೇ ರಾಸಾಯನಿಕ ಕ್ರಿಯೆಯಿಂದಲೂ ಬೆಳಕು ಹೊಮ್ಮಬಹುದು. ಶೀಶೆಯನ್ನು ಕತ್ತಲಲ್ಲಿ ಕೆಲವು ಗಂಟೆ ಇಡದೆ ಎಣಿಸಿದರೆ N ಸುಮ್ಮನೆ ಏರಿ ಅಸಮತೆ ನಿಜವಾಗುತ್ತದೆ. ಅದೇ ಶೀಶೆಯನ್ನು ಮರುದಿನ ಎಣಿಸಿದಾಗ ಎಣಿಕೆ ಇಳಿದರೆ ಕಾರಣ ಇದೇ ಎಂದು ತಿಳಿಯುತ್ತದೆ, ಏಕೆಂದರೆ ಹನ್ನೆರಡು ವರ್ಷದ ಅರ್ಧಾಯುಷ್ಯದ ಟ್ರಿಟಿಯಂ ಒಂದು ರಾತ್ರಿಯಲ್ಲಿ ಇಳಿಯುವಂಥದಲ್ಲ. ನೀರು ಬಣ್ಣಗಟ್ಟಿದ್ದರೆ ಇದರ ತಿರುಗುಮುರುಗು. ಬೆಳಕು ಹೀರಿಹೋಗಿ ದಕ್ಷತೆ ಕುಗ್ಗುತ್ತದೆ, ಇದ್ದದ್ದೂ ಗೆರೆ ದಾಟುವುದಿಲ್ಲ. ಬಟ್ಟಿ ಇಳಿಸುವುದು ಇದಕ್ಕಾಗಿಯೇ.

ಮೂರನೆಯದು ಮಾದರಿಗಳ ಸಂಖ್ಯೆ. ಒಂದು ಶೀಶೆಗೆ ನೂರಕ್ಕೆ ಐದು ಎಂಬುದು ಇಪ್ಪತ್ತು ಶೀಶೆಗಳ ಒಂದು ತಂಡಕ್ಕೆ ನೂರಕ್ಕೆ ಐದಾಗಿ ಉಳಿಯುವುದಿಲ್ಲ. ಇಪ್ಪತ್ತರಲ್ಲಿ ಯಾವುದರಲ್ಲೂ ಟ್ರಿಟಿಯಂ ಇಲ್ಲದಿದ್ದರೂ ಒಂದಾದರೂ ಗೆರೆ ದಾಟುವ ಸಂಭವನೀಯತೆ 0.64. ಆದ್ದರಿಂದ ಗೆರೆ ದಾಟಿದ ಶೀಶೆಯನ್ನು ಹೊಸದಾಗಿ ತಯಾರಿಸಿ ಮತ್ತೆ ಎಣಿಸುವುದು ಪ್ರಯೋಗಾಲಯಗಳ ರೂಢಿ. ಆಕಸ್ಮಿಕವೇ ಆಗಿದ್ದರೆ ಎರಡನೆಯ ಸಲವೂ ದಾಟುವ ಸಾಧ್ಯತೆ ಇಪ್ಪತ್ತಕ್ಕೆ ಒಂದು. ಗೆರೆ ದಾಟದವನ್ನು ಬಿಟ್ಟು ದಾಟಿದವನ್ನು ಮಾತ್ರ ಮರು ಎಣಿಸಿದರೆ ಇದ್ದದ್ದು ಕಣ್ಣು ತಪ್ಪುವ ಸಾಧ್ಯತೆ ಹೆಚ್ಚುತ್ತದೆ ಎಂಬುದು ಈ ರೂಢಿಗೆ ತೆರುವ ಬೆಲೆ.

ಈಗಿನ ಸ್ಥಿತಿ

ಭಾರತದ ಅಣು ವಿದ್ಯುತ್ ಕೇಂದ್ರಗಳ ಬಳಿ ಪರಿಸರ ಸಮೀಕ್ಷಾ ಪ್ರಯೋಗಾಲಯಗಳಿವೆ, ಕೈಗಾದಲ್ಲಿಯೂ ಇದೆ. ಸ್ಥಾವರ ಚಾಲೂ ಆಗುವ ಮೊದಲೇ ಸುತ್ತಲಿನ ಮಟ್ಟವನ್ನು ಅಳೆದಿಡುವುದು ಅವುಗಳ ಮೊದಲ ಕೆಲಸ. ಅಸಮತೆಯ ಬಲಗಡೆಯನ್ನು ಕಟ್ಟಲು ಆ ಅಳತೆ ಬೇಕು, ಸ್ಥಾವರ ನಡೆಯತೊಡಗಿದ ಮೇಲೆ ಅದನ್ನು ಮತ್ತೆ ಪಡೆಯಲು ಬರುವುದಿಲ್ಲ. ಕ್ಯೂರಿಯವರ ಎರಡು ಗೆರೆಗಳನ್ನು ಅಂತರರಾಷ್ಟ್ರೀಯ ಮಾನಕ ಐಎಸ್‌ಒ 11929 ಇನ್ನಷ್ಟು ವಿಸ್ತರಿಸಿ, ದಕ್ಷತೆ ಮತ್ತು ಪ್ರಮಾಣದ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ಸೇರಿಸಿದೆ. ಸಾರ್ವಜನಿಕರಿಗೆ ಭಾರತದಲ್ಲಿ ನಿಗದಿಯಾದ ವಾರ್ಷಿಕ ಮಿತಿ 1 ಮಿಲಿಸೀವರ್ಟ್. ಇದು ಪತ್ತೆಯ ಗೆರೆಯಲ್ಲ, ಸುರಕ್ಷತೆಯ ಗೆರೆ.

ವರದಿಗಳಲ್ಲಿ ಗೆರೆ ದಾಟದ ಮಾದರಿಯ ಮುಂದೆ ಸಾಮಾನ್ಯವಾಗಿ < ಚಿಹ್ನೆ ಹಾಕಿ ಒಂದು ಸಂಖ್ಯೆ ಬರೆದಿರುತ್ತಾರೆ. ಅದನ್ನು ಸೊನ್ನೆ ಎಂದು ಓದಬಾರದು. ಆ ಸಂಖ್ಯೆ ನಿರ್ಣಾಯಕ ಮಟ್ಟವೋ ಪತ್ತೆ ಮಿತಿಯೋ, ಮತ್ತು ಎಷ್ಟು ಹೊತ್ತು ಎಣಿಸಿದ್ದು ಎಂಬುದನ್ನು ಓದುಗರು ಮೊದಲು ನೋಡಿಕೊಳ್ಳಬೇಕು.